ಎಐ ಡಿಟೆಕ್ಟರ್ ಆಧಾರದ ಆರೋಪ: ಮೇಲ್ಮನವಿ ನಿಯಮ

ಬರಹ ಎಐನದ್ದೇ ಎಂದು ಅಂದಾಜಿಸುವ ಡಿಟೆಕ್ಟರ್ ತಂತ್ರಾಂಶವನ್ನು ನಂಬಿ, ಅಸೈನ್‌ಮೆಂಟನ್ನು ಎಐನಿಂದ ಬರೆಸಿದ್ದೀರಿ ಎಂದು ವಿದ್ಯಾರ್ಥಿಯ ಮೇಲೆ ಆರೋಪ ಬಂದಾಗ ಈ ನಿಯಮ ನಮ್ಮ ಬಸವನಗುಡಿ ಕಾಲೇಜಿನ ಎಲ್ಲ ಪದವಿ ತರಗತಿಗಳಿಗೂ ಅನ್ವಯ.

ಡಿಟೆಕ್ಟರ್ ತೋರಿಸುವ ಶೇಕಡಾವಾರು ಬರೀ ಸುಳಿವು. ಅದೊಂದನ್ನೇ ನಂಬಿ ಅಂಕ ಕಡಿಯುವಂತಿಲ್ಲ. ಓಪನ್‌ಎಐ ಕಂಪನಿಯೇ ತನ್ನ ಡಿಟೆಕ್ಟರ್ ಸರಿಯಾಗಿ ಗುರುತಿಸುತ್ತಿಲ್ಲವೆಂದು 2023ರ ಜುಲೈನಲ್ಲಿ ಅದನ್ನು ನಿಲ್ಲಿಸಿತು.

ಆರೋಪಪತ್ರ ಸಿಕ್ಕ 10 ಕೆಲಸದ ದಿನಗಳೊಳಗೆ ಪರೀಕ್ಷಾ ವಿಭಾಗಕ್ಕೆ ಮೇಲ್ಮನವಿ ಕೊಡಬೇಕು. ಕನ್ನಡದಲ್ಲಿದ್ದರೂ ಸರಿ, ಶುಲ್ಕವಿಲ್ಲ. ಆರೋಪಪತ್ರದ ಜೊತೆ ಡಿಟೆಕ್ಟರಿನ ಪೂರ್ತಿ ವರದಿ ಕೊಟ್ಟಿರದಿದ್ದರೆ ದಿನಗಳ ಲೆಕ್ಕ ಶುರುವಾಗುವುದೇ ಇಲ್ಲ.

ಮೂವರು ವಿಚಾರಿಸುತ್ತಾರೆ: ಅದೇ ವಿಷಯದ, ಆದರೆ ಆ ಅಸೈನ್‌ಮೆಂಟ್ ತಿದ್ದದ ಒಬ್ಬ ಅಧ್ಯಾಪಕರು, ಬೇರೆ ವಿಭಾಗದ ಒಬ್ಬರು, ವಿದ್ಯಾರ್ಥಿ ಕ್ಷೇಮಾಧಿಕಾರಿ. ಆರೋಪ ಮಾಡಿದವರು ತಮ್ಮ ಮಾತು ಹೇಳಬಹುದು, ತೀರ್ಪಿಗೆ ಕೂರುವಂತಿಲ್ಲ.

ಕರಡು ಪ್ರತಿ, ಗೂಗಲ್ ಡಾಕ್ಸ್‌ನ ಹಳೆಯ ಆವೃತ್ತಿಗಳು, ಕೈಬರಹದ ಟಿಪ್ಪಣಿ, ಹಿಂದಿನ ಬರಹ, ಬರೆದದ್ದರ ಬಗ್ಗೆ 20 ನಿಮಿಷದ ಮಾತುಕತೆ, ಇವೆಲ್ಲ ಸಾಕ್ಷ್ಯ. ಕರಡು ಉಳಿಸಿಲ್ಲವೆಂದ ಮಾತ್ರಕ್ಕೆ ತಪ್ಪಿತಸ್ಥರಲ್ಲ; ಎಷ್ಟೋ ಜನ ಉಳಿಸುವುದಿಲ್ಲ, ಅಲ್ವಾ? ಇನ್ನೊಂದು ಡಿಟೆಕ್ಟರಿನ ಅಂಕಿ, ‘ಇದು ನೀನೇ ಬರೆದದ್ದಾ’ ಎಂದು ಚಾಟ್‌ಬಾಟ್‌ಗೆ ಕೇಳಿ ಪಡೆದ ಉತ್ತರ, ‘ಇವಳ ಇಂಗ್ಲಿಷ್ ಇಷ್ಟು ಚೆನ್ನಾಗಿರಲಿಲ್ಲ’ ಎಂಬ ಗುಮಾನಿ ಯಾವುದೂ ನಡೆಯದು.

ಸಮಿತಿ 15 ಕೆಲಸದ ದಿನಗಳಲ್ಲಿ ಕಾರಣ ಬರೆದು ತೀರ್ಪು ಕೊಡಬೇಕು. ಅಲ್ಲಿಯವರೆಗೆ ಹಾಲ್ ಟಿಕೆಟ್ ತಡೆಯುವಂತಿಲ್ಲ. ಸಮಿತಿ ಈ ಗಡುವು ಮೀರಿದರೆ ಆರೋಪ ಬಿದ್ದುಹೋಗುತ್ತದೆ.