ಬಿಭಾ ಚೌಧುರಿ: ದಾಖಲೆ ಹೇಳುವುದು, ನಾವು ಊಹಿಸುವುದು

[ಆರಂಭ ಸಂಗೀತ. ನಿಧಾನವಾಗಿ ಇಳಿಸಿ.]

ನಿರೂಪಕಿ: ನಮಸ್ಕಾರ. ಇವತ್ತಿನ ಸಂಚಿಕೆ ಭೌತವಿಜ್ಞಾನಿ ಬಿಭಾ ಚೌಧುರಿ ಅವರ ಬಗ್ಗೆ. ಅವರ ಹೆಸರು ಈಚೆಗೆ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ, "ನೊಬೆಲ್ ಕಳೆದುಕೊಂಡ ಭಾರತದ ಮಹಿಳೆ" ಅಂತ. ಆ ಸಾಲು ಎಷ್ಟು ನಿಜ, ಎಷ್ಟು ಊಹೆ ಅಂತ ಬಿಡಿಸಿ ನೋಡೋಣ.

ಕೇಳುವುದಕ್ಕೆ ಅನುಕೂಲವಾಗಲಿ ಅಂತ ಒಂದು ಏರ್ಪಾಡು ಮಾಡಿದ್ದೇವೆ. ಹಿನ್ನೆಲೆಯಲ್ಲಿ ತಂಬೂರಿ ಕೇಳಿಸಿದರೆ, ಆಗ ನಾನು ಹೇಳುತ್ತಿರುವುದು ಸಂಭವ ಮಾತ್ರ. ತಂಬೂರಿ ಇಲ್ಲದಿದ್ದರೆ ಅದು ದಾಖಲೆಯಲ್ಲಿರುವ ಮಾತು.

[ಮೌನ, ಎರಡು ಸೆಕೆಂಡ್.]

ಬಿಭಾ ಹುಟ್ಟಿದ್ದು 1913ರಲ್ಲಿ, ಕೋಲ್ಕತ್ತಾದಲ್ಲಿ. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದರು. ಆ ವರ್ಷದ ತರಗತಿಯಲ್ಲಿದ್ದ ಹೆಣ್ಣುಮಗಳು ಅವರೊಬ್ಬರೇ. ಆಮೇಲೆ ಡಿ.ಎಂ. ಬೋಸ್ ಅವರ ಜೊತೆ ಸಂಶೋಧನೆಗೆ ಸೇರಿದರು. ಬೋಸ್ ಅವರು ಜಗದೀಶಚಂದ್ರ ಬೋಸರ ಸೋದರಳಿಯ, ಬೋಸ್ ಸಂಸ್ಥೆಯ ನಿರ್ದೇಶಕ.

[ತಂಬೂರಿ ಶುರು.]

ಇಲ್ಲೊಂದು ಪ್ರಸಿದ್ಧ ಕಥೆಯಿದೆ. ಹೆಣ್ಣುಮಕ್ಕಳಿಗೆ ಕೊಡುವಂಥ ಕೆಲಸ ನನ್ನ ಹತ್ತಿರ ಇಲ್ಲ ಅಂತ ಬೋಸ್ ಮೊದಲು ಹೇಳಿದರಂತೆ, ಬಿಭಾ ಪಟ್ಟು ಬಿಡಲಿಲ್ಲವಂತೆ. ಆ ಕಾಲದ ಪ್ರಯೋಗಾಲಯಗಳಲ್ಲಿ ಹೀಗೆ ನಡೆದಿರುವುದು ಸಹಜ. ಆದರೆ ಇದು ಬಾಯಿಂದ ಬಾಯಿಗೆ ಬಂದ ಮಾತು, ಅಷ್ಟೇ ತೂಕ ಕೊಡಿ.

[ತಂಬೂರಿ ನಿಲ್ಲಿಸಿ.]

ಈಗ ಕೆಲಸಕ್ಕೆ ಬರೋಣ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಯ ಪರಮಾಣುಗಳಿಗೆ ಬಡಿದಾಗ ಹೊಸ ಕಣಗಳು ಹುಟ್ಟುತ್ತವೆ. ಅವನ್ನು ಹಿಡಿಯಲು ಬೋಸ್ ಮತ್ತು ಬಿಭಾ ಬಳಸಿದ್ದು ಫೋಟೋ ತೆಗೆಯುವ ಗಾಜಿನ ಫಲಕ. ಗಾಜಿನ ಮೇಲೆ ಜೆಲಟಿನ್ ಲೇಪ, ಅದರಲ್ಲಿ ಬೆಳ್ಳಿ ಲವಣದ ಸಣ್ಣ ಹರಳುಗಳು. ವಿದ್ಯುದಾವೇಶದ ಕಣ ಹಾದುಹೋದ ದಾರಿಯಲ್ಲಿರುವ ಹರಳುಗಳು ಫಲಕವನ್ನು ತೊಳೆದಾಗ ಕಪ್ಪಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚುಕ್ಕಿಗಳ ಸಾಲು ಕಾಣುತ್ತದೆ, ರಂಗೋಲಿ ಎಳೆಯುವ ಮುಂಚೆ ಇಡುವ ಚುಕ್ಕಿಗಳ ಹಾಗೆ.

ಭಾರದ ಕಣ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಹಗುರ ಕಣ ದಾರಿಯಲ್ಲಿ ಸಿಕ್ಕ ಪರಮಾಣುಗಳಿಂದ ಅತ್ತಿತ್ತ ತಿರುಗುತ್ತದೆ. ವೇಗ ಕಡಿಮೆಯಾದಂತೆಲ್ಲ ಚುಕ್ಕಿಗಳು ಒತ್ತೊತ್ತಾಗುತ್ತವೆ. ಎಷ್ಟು ತಿರುಗಿತು, ಚುಕ್ಕಿಗಳು ಎಷ್ಟು ಒತ್ತಾಗಿವೆ, ಇವೆರಡನ್ನೂ ಅಳೆದರೆ ಕಣದ ರಾಶಿಯನ್ನು ಅಂದಾಜು ಮಾಡಬಹುದು. ಬಿಭಾ ಮಾಡಿದ್ದು ಇದನ್ನೇ: ಒಂದೊಂದೇ ಜಾಡು, ಒಂದೊಂದೇ ಚುಕ್ಕಿ. ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಕೆಲಸ. ಹಂಚಿಕೆಯಾಗುವ ಸಂದೇಶಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಫಲಕಗಳನ್ನು ಡಾರ್ಜಿಲಿಂಗ್‌ನಲ್ಲೂ, ಸುಮಾರು 3,600 ಮೀಟರ್ ಎತ್ತರದ ಸಂದಕ್‌ಫುನಲ್ಲೂ ಇಟ್ಟರು. ಎತ್ತರಕ್ಕೆ ಹೋದಷ್ಟೂ ಗಾಳಿಯ ತಡೆ ಕಡಿಮೆ, ಕಣಗಳು ಹೆಚ್ಚು. 1940ರಿಂದ 1942ರವರೆಗೆ ಬೋಸ್ ಮತ್ತು ಬಿಭಾ ತಮ್ಮ ಫಲಿತಾಂಶಗಳನ್ನು ನೇಚರ್ ಪತ್ರಿಕೆಯಲ್ಲಿ ಒಂದರ ಹಿಂದೆ ಒಂದರಂತೆ ಪ್ರಕಟಿಸಿದರು. ಅವರಿಗೆ ಸಿಕ್ಕ ರಾಶಿ ಎಲೆಕ್ಟ್ರಾನ್‌ಗಿಂತ ಸುಮಾರು 200 ಪಟ್ಟು.

1947ರಲ್ಲಿ ಬ್ರಿಸ್ಟಲ್‌ನ ಸೆಸಿಲ್ ಪಾವೆಲ್ ತಂಡ ಇದೇ ಬಗೆಯ ವಿಧಾನದಿಂದ ಪಯಾನ್ ಎಂಬ ಕಣವನ್ನು ಕಂಡುಹಿಡಿಯಿತು. ಫಲಕಗಳನ್ನು ಅವರೂ ಬೆಟ್ಟದ ಮೇಲೆಯೇ ಇಟ್ಟಿದ್ದರು. 1950ರ ನೊಬೆಲ್ ಪಾವೆಲ್‌ಗೆ ಸಿಕ್ಕಿತು. ತಮ್ಮ ತಂಡಕ್ಕೂ ಮೊದಲೇ ಬೋಸ್ ಮತ್ತು ಬಿಭಾ ಈ ದಾರಿ ಹಿಡಿದಿದ್ದರು ಎಂದು ಪಾವೆಲ್ ತಂಡ ಮುಂದೆ ಪುಸ್ತಕದಲ್ಲಿ ಒಪ್ಪಿಕೊಂಡಿದೆ. ಇದು ಅಚ್ಚಾಗಿರುವ ಮಾತು. ಬಿಭಾ ಪರವಾಗಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

[ತಂಬೂರಿ ಶುರು.]

ಹಾಗಾದರೆ ಬಿಭಾ ಪಯಾನನ್ನು ಮೊದಲೇ ನೋಡಿದ್ದರೇ? ಪಯಾನ್‌ನ ರಾಶಿ ಎಲೆಕ್ಟ್ರಾನ್‌ನ 273 ಪಟ್ಟು, ಮ್ಯುಯಾನ್ ಎಂಬ ಇನ್ನೊಂದು ಕಣದ್ದು 207 ಪಟ್ಟು. ಬಿಭಾ ಅವರಿಗೆ ಸಿಕ್ಕಿದ್ದು ಸರಾಸರಿ ಅಂಕಿ. ಆ ಜಾಡುಗಳಲ್ಲಿ ಹೆಚ್ಚಿನವು ಮ್ಯುಯಾನ್ ಆಗಿದ್ದು, ನಡುವೆ ಪಯಾನ್‌ಗಳೂ ಬೆರೆತಿದ್ದಿರಬಹುದು. ಎರಡನ್ನೂ ಬೇರ್ಪಡಿಸಲು ಅವರ ಫಲಕಗಳಿಗೆ ಸೂಕ್ಷ್ಮತೆ ಸಾಲುತ್ತಿರಲಿಲ್ಲ. ಯುದ್ಧದ ಕಾಲ, ಒಳ್ಳೆಯ ಫಲಕ ಸಿಗುವುದು ಕಷ್ಟವಿತ್ತು. ಸಿಕ್ಕಿದ್ದರೆ ಪಯಾನ್ ಕೋಲ್ಕತ್ತಾದಲ್ಲೇ ಪತ್ತೆಯಾಗುತ್ತಿತ್ತೇ? ಸಾಧ್ಯವಿತ್ತು ಅಂತ ನನಗೆ ಬಲವಾಗಿ ಅನಿಸುತ್ತದೆ. ಆದರೂ ಅದು ಅನಿಸಿಕೆ.

[ತಂಬೂರಿ ನಿಲ್ಲಿಸಿ.]

ಎರಡು ವಿಷಯ ಮಾತ್ರ ಖಚಿತ. ಮ್ಯುಯಾನ್ ಬಿಭಾ ಅವರ ಸಂಶೋಧನೆಯಲ್ಲ, ಅಮೆರಿಕದಲ್ಲಿ ಅದು 1936ರ ಹೊತ್ತಿಗೇ ಗೊತ್ತಾಗಿತ್ತು. ಇನ್ನೊಂದು, 1950ರ ಬಹುಮಾನ ಪಾವೆಲ್ ಒಬ್ಬರಿಗೇ ಹೋಯಿತು. ಅದೇ ತಂಡದ ಬ್ರೆಜಿಲ್‌ನ ಲ್ಯಾಟೆಸ್‌ಗೂ, ಇಟಲಿಯ ಓಕಿಯಾಲಿನಿಗೂ ಸಿಗಲಿಲ್ಲ. ಇಂಥ ಫಲಕಗಳನ್ನು ವಿಶ್ವಕಿರಣಗಳಿಗೆ ಒಡ್ಡಿ 1937ರಲ್ಲೇ ದಾರಿ ತೋರಿದ ವಿಯೆನ್ನಾದ ಮರಿಯೆಟ್ಟಾ ಬ್ಲಾವ್‌ಗೂ ಇಲ್ಲ. ಹಾಗಾಗಿ ಬಿಭಾ ಅವರ ನೊಬೆಲ್ ಅನ್ನು "ಕದ್ದರು" ಎಂಬ ಪದವನ್ನು ನಾವು ಈ ಕಾರ್ಯಕ್ರಮದಲ್ಲಿ ಬಳಸುವುದಿಲ್ಲ. ಕದ್ದರು ಅಂದ ಕೂಡಲೇ ಮಾತೆಲ್ಲ ಕಳ್ಳನ ಸುತ್ತ ಸುತ್ತುತ್ತದೆ, ಬಿಭಾ ಏನು ಅಳೆದರು ಎಂಬುದು ಹಿಂದೆ ಸರಿಯುತ್ತದೆ.

[ಸಂಗೀತದ ಚಿಕ್ಕ ತುಣುಕು.]

1945ರಲ್ಲಿ ಬಿಭಾ ಮ್ಯಾಂಚೆಸ್ಟರ್‌ಗೆ ಹೋಗಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಪ್ರಯೋಗಾಲಯದಲ್ಲಿ ಪಿಎಚ್‌.ಡಿ. ಕೆಲಸ ಮಾಡಿದರು. ಬ್ಲ್ಯಾಕೆಟ್‌ಗೆ 1948ರಲ್ಲಿ ನೊಬೆಲ್ ಬಂತು. ಅದರಲ್ಲಿ ಬಿಭಾ ಪಾಲಿದೆ ಅನ್ನುವವರಿದ್ದಾರೆ. ಬಹುಮಾನ ಬಂದದ್ದು ಕಣಗಳ ಜಾಡನ್ನು ಮಂಜಿನ ಗೆರೆಯಾಗಿ ತೋರಿಸುವ ಮೇಘಕೋಷ್ಠ ಎಂಬ ಉಪಕರಣದ ಸುಧಾರಣೆಗೆ ಮತ್ತು ಅದರಿಂದ ಆದ ಸಂಶೋಧನೆಗಳಿಗೆ. ಮುಖ್ಯವಾದವು 1930ರ ದಶಕದವು, ಬಿಭಾ ಬರುವುದಕ್ಕೂ ಮುಂಚಿನವು. ಆ ಹೇಳಿಕೆಯನ್ನು ಸಂಭವದ ಪಟ್ಟಿಗೂ ಸೇರಿಸಲು ನನಗೆ ಮನಸ್ಸಿಲ್ಲ.

1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದರು, ಅಲ್ಲಿನ ಮೊದಲ ಮಹಿಳಾ ಸಂಶೋಧಕಿಯಾಗಿ. ಮುಂದೆ ಅಹಮದಾಬಾದ್‌ನ ಭೌತ ಸಂಶೋಧನಾ ಪ್ರಯೋಗಾಲಯ. ಅಲ್ಲಿಂದ ಕಥೆ ನಮ್ಮ ಕೋಲಾರಕ್ಕೆ ಬರುತ್ತದೆ. ಕೆಜಿಎಫ್‌ನ ಚಿನ್ನದ ಗಣಿಗಳಲ್ಲಿ ನಡೆದ ವಿಶ್ವಕಿರಣ ಪ್ರಯೋಗಗಳಲ್ಲಿ ಬಿಭಾ ಭಾಗಿಯಾಗಿದ್ದರು. ಅಷ್ಟು ಬಂಡೆ ತಲೆಯ ಮೇಲಿದ್ದರೆ ಬೇರೆ ಕಣಗಳೆಲ್ಲ ಮೇಲೆಯೇ ನಿಂತುಬಿಡುತ್ತವೆ, ಆಳಕ್ಕೆ ತೂರಿ ಬರುವವು ಮಾತ್ರ ಉಪಕರಣಕ್ಕೆ ಸಿಗುತ್ತವೆ. ಬೆಟ್ಟದ ತುದಿಯಲ್ಲಿ ಫಲಕ ಇಟ್ಟು ಹುಡುಕಿದ ಕಣಗಳನ್ನೇ ಭೂಮಿಯ ಒಳಗೂ ಹುಡುಕುವ ಕೆಲಸ ಅದು.

[ತಂಬೂರಿ ಶುರು.]

ಅವರೇ ಗಣಿಗೆ ಇಳಿದಿದ್ದರೇ? ಪ್ರಯೋಗ ಮಾಡುವವರು ಉಪಕರಣದ ಹತ್ತಿರ ಹೋಗಲೇಬೇಕಲ್ಲ ಅನಿಸುತ್ತದೆ. ಇನ್ನೊಂದು ಕಡೆ, 1952ರ ಗಣಿ ಕಾಯ್ದೆಯು ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ನೇಮಿಸುವುದನ್ನು ನಿಷೇಧಿಸಿತ್ತು. ಸಂಶೋಧಕಿಯೆಂದು ವಿನಾಯಿತಿ ಸಿಕ್ಕಿರಬಹುದು, ಮೇಲಿನಿಂದಲೇ ದತ್ತಾಂಶ ನೋಡಿಕೊಂಡಿರಲೂಬಹುದು. ಹೆಡ್‌ಲ್ಯಾಂಪ್ ಹಾಕಿಕೊಂಡು ಲಿಫ್ಟ್‌ನಲ್ಲಿ ಇಳಿಯುವ ಬಿಭಾ ಅವರ ಚಿತ್ರ ಎಷ್ಟೇ ಚೆನ್ನಾಗಿದ್ದರೂ, ಸದ್ಯಕ್ಕೆ ಅದರ ಜಾಗ ಈ ತಂಬೂರಿಯ ಜೊತೆಗೇ.

[ತಂಬೂರಿ ನಿಲ್ಲಿಸಿ.]

ಬಿಭಾ ತೀರಿಕೊಂಡದ್ದು 1991ರಲ್ಲಿ. ಅವರ ಜೀವನ ಮತ್ತು ಕೆಲಸದ ಬಗ್ಗೆ ಪುಸ್ತಕ ಬಂದದ್ದು 2018ರಲ್ಲಿ, ಅಂದರೆ 27 ವರ್ಷಗಳ ಬಳಿಕ. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಎಚ್‌ಡಿ 86081 ಎಂಬ ನಕ್ಷತ್ರಕ್ಕೆ ಬಿಭಾ ಎಂಬ ಹೆಸರನ್ನು ಒಪ್ಪಿತು.

ಕೆಜಿಎಫ್‌ನ ಕೇಳುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಹಿರಿಯರು ಗಣಿಯಲ್ಲಿದ್ದು, ಆ ಪ್ರಯೋಗಗಳಿಗೆ ಬಂದ ವಿಜ್ಞಾನಿಗಳನ್ನು ಕಂಡಿದ್ದರೆ ನಮಗೆ ಬರೆಯಿರಿ. ಫೋಟೋ, ಪಾಸ್, ಹಾಜರಿ ಪುಸ್ತಕದ ಹಾಳೆ, ಏನಿದ್ದರೂ ಕಳಿಸಿ. ನೆನಪುಗಳನ್ನು ತಂಬೂರಿಯ ಜೊತೆ ಪ್ರಸಾರ ಮಾಡುತ್ತೇವೆ. ತಾರೀಖಿರುವ ಕಾಗದ ಸಿಕ್ಕರೆ ತಂಬೂರಿ ಇಲ್ಲದೆ.

[ಮುಕ್ತಾಯ ಸಂಗೀತ.]