ಪಾಠಯೋಜನೆ ಮೌಲ್ಯಮಾಪನ: ‘ಮಳೆಯನ್ನು ಅಳೆಯೋಣ’

ಪ್ರಶಿಕ್ಷಣಾರ್ಥಿ: ಬಿ.ಎಡ್. ಎರಡನೇ ವರ್ಷ, ಕ್ರಮಸಂಖ್ಯೆ 17
ತರಗತಿ: 7, ವಿಜ್ಞಾನ, 40 ನಿಮಿಷ, 26 ಮಕ್ಕಳು
ಶಾಲೆ: ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಅಂಕ: ಉದ್ದೇಶ 5/10, ಚಟುವಟಿಕೆ 8/10, ಕಲಿಕಾ ವೈವಿಧ್ಯ 5/10, ಮೌಲ್ಯಮಾಪನ 4/10. ಒಟ್ಟು 22/40

ನಿಮ್ಮ ಯೋಜನೆಯನ್ನು ಎರಡು ಸಲ ಓದಿದೆ. ಜುಲೈ ತಿಂಗಳಲ್ಲಿ, ಮಲೆನಾಡಿನ ಶಾಲೆಯಲ್ಲಿ, ಮಕ್ಕಳ ಕೈಯಿಂದಲೇ ಮಳೆಮಾಪಕ ಮಾಡಿಸಬೇಕು ಅಂದುಕೊಂಡಿದ್ದೀರಿ. ಇದು ನನಗೆ ತುಂಬಾ ಇಷ್ಟವಾಯಿತು. ಅಂಕ ಕಡಿಮೆಯಾಗಿದ್ದು ಬೇರೆ ಕಾರಣಕ್ಕೆ. ನಿಮ್ಮ ಉದ್ದೇಶ ಒಂದು ಕಡೆ, ಚಟುವಟಿಕೆ ಇನ್ನೊಂದು ಕಡೆ, ಕೊನೆಯ ಪ್ರಶ್ನೆಗಳು ಮತ್ತೊಂದು ಕಡೆ ನಿಂತಿವೆ.

ಉದ್ದೇಶ. ‘ಮಕ್ಕಳು ಮಳೆಯ ಮಹತ್ವವನ್ನು ತಿಳಿದುಕೊಳ್ಳುತ್ತಾರೆ’ ಎಂದು ಬರೆದಿದ್ದೀರಿ. ತಿಳಿದುಕೊಂಡರು ಅಂತ ನಿಮಗೆ ಗೊತ್ತಾಗೋದು ಹೇಗೆ? ಮಗು ಏನು ಮಾಡಿ ತೋರಿಸಬೇಕು? ಆಮೇಲೆ, ಅಡಿಕೆ ತೋಟ, ಗದ್ದೆ ನೋಡಿ ಬೆಳೆದ ಮಕ್ಕಳಿಗೆ ಮಳೆಯ ಮಹತ್ವವನ್ನು ನಾವು ಹೊಸದಾಗಿ ಹೇಳಬೇಕಾಗಿಲ್ಲ. ಅವರಿಗೆ ಗೊತ್ತಿಲ್ಲದಿರುವುದು ‘ನಿನ್ನೆ 30 ಮಿಲಿಮೀಟರ್ ಮಳೆಯಾಯಿತು’ ಎಂಬ ಮಾತಿನ ಅರ್ಥ. ಹಾಗಾಗಿ ಎರಡೇ ಉದ್ದೇಶ ಸಾಕು. ಒಂದು, ಮಳೆಮಾಪಕದಲ್ಲಿ ನಿಂತ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಸರಿಯಾಗಿ ಓದುವುದು. ಎರಡು, ಮಳೆಯನ್ನು ಲೀಟರಿನಲ್ಲಿ ಹೇಳದೆ ಎತ್ತರದಲ್ಲಿ ಯಾಕೆ ಹೇಳುತ್ತೇವೆ ಎಂದು ತಮ್ಮ ಮಾತಿನಲ್ಲಿ ವಿವರಿಸುವುದು.

ಚಟುವಟಿಕೆ. ಮೊದಲ 10 ನಿಮಿಷದ ವಿಡಿಯೊ ಬಿಡಿ. ಜೋರು ಮಳೆಗೆ ಕರೆಂಟ್ ಹೋದರೆ ಪಾಠ ಶುರುವಿನಲ್ಲೇ ನಿಲ್ಲುತ್ತದೆ. ಬದಲಿಗೆ ಒಂದು ಅಗಲದ ಸ್ಟೀಲ್ ಡಬ್ಬ, ಒಂದು ಸಣ್ಣ ಡಬ್ಬ ತನ್ನಿ. ಎರಡರ ಗೋಡೆಯೂ ನೇರವಾಗಿರಲಿ. ‘ಇವೆರಡನ್ನೂ ಅಂಗಳದಲ್ಲಿ ಪಕ್ಕಪಕ್ಕ ಇಟ್ಟರೆ ಯಾವುದರಲ್ಲಿ ನೀರಿನ ಎತ್ತರ ಜಾಸ್ತಿ?’ ಎಂದು ಕೇಳಿ. ಅಗಲದ್ದರಲ್ಲಿ ಎಂದು ಹೆಚ್ಚಿನ ಮಕ್ಕಳು ಹೇಳಬಹುದು. ತಕ್ಷಣ ತಿದ್ದಬೇಡಿ. ಊಹೆಯನ್ನು ಹಲಗೆಯ ಮೇಲೆ ಬರೆದು, ಹೊರಗೆ ಇಟ್ಟು, ಅವರೇ ಅಳೆದು ನೋಡಲಿ. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಎತ್ತರ ಬಂದಾಗ ‘ಹೇಗೆ ಮೇಡಂ?’ ಎಂಬ ಪ್ರಶ್ನೆ ಅವರಿಂದಲೇ ಬರುತ್ತದೆ. ನಿಮ್ಮ ವಿವರಣೆಗೆ ಅದೇ ಸರಿಯಾದ ಹೊತ್ತು.

ಬಾಟಲಿ ಕತ್ತರಿಸಿ ಮಾಪಕ ಮಾಡುವ ಹಂತ ಚೆನ್ನಾಗಿದೆ, ಆದರೆ ಒಂದು ತಪ್ಪಿದೆ. ತಂಪು ಪಾನೀಯದ ಬಾಟಲಿಯ ತಳ ಉಬ್ಬುತಗ್ಗಾಗಿರುತ್ತದೆ. ನೀವು ತಳದಿಂದಲೇ ಸ್ಕೇಲು ಅಂಟಿಸಿದ್ದೀರಿ. ಮೊದಲು ನೇರ ಭಾಗ ಶುರುವಾಗುವ ತನಕ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿಸಿ. ಮಾಪಕವನ್ನು ಎಲ್ಲಿ ಇಡಬೇಕು ಎಂದು ನೀವೇ ಹೇಳಬೇಡಿ. ಒಂದು ಗುಂಪು ಸೂರಿನ ಕೆಳಗೆ ಇಟ್ಟರೆ ಇಡಲಿ, ಹಂಚಿನ ನೀರೆಲ್ಲ ಸೇರಿ ಬಂದ ಅಳತೆಯ ಬಗ್ಗೆ ಚರ್ಚೆ ಮಾಡಿಸಿ. ಆ ದಿನ ಮಳೆ ಹೊಳವಾದರೆ? ಗಿಡಕ್ಕೆ ನೀರು ಹಾಕುವ ಹೂಜಿಯೊಂದು ಕೈಯಲ್ಲಿರಲಿ.

ಕಲಿಕಾ ವೈವಿಧ್ಯ. ‘ನಿಧಾನ ಕಲಿಕೆಯವರಿಗೆ ಮನೆಗೆಲಸ ಕಡಿಮೆ, ಚುರುಕಾದವರಿಗೆ ಜಾಸ್ತಿ’ ಎಂಬುದು ನೆರವು ಅಲ್ಲ. ನಿಮ್ಮ ಪೂರ್ವಪರೀಕ್ಷೆಯ ಪ್ರಕಾರ ಏಳು ಮಕ್ಕಳಿಗೆ ಸ್ಕೇಲಿನ ಸಣ್ಣ ಗೆರೆ ಓದಲು ಬರುವುದಿಲ್ಲ. ಅಷ್ಟು ಚೆನ್ನಾಗಿ ಕಂಡುಕೊಂಡು ಅದನ್ನು ಯೋಜನೆಯಲ್ಲಿ ಬಳಸದೇ ಬಿಟ್ಟಿದ್ದೀರಿ, ಅದೇ ನನಗೆ ಬೇಸರ. ಅವರಿಗೆ ದೊಡ್ಡ ಗೆರೆಗಳ ಕಾಗದದ ಪಟ್ಟಿ ಕೊಡಿ, ಒಂದು ಸೆಂಟಿಮೀಟರಿಗೆ ಹತ್ತು ಗೆರೆ ಎಂದು ಎಣಿಸಿ ಓದಲಿ. ಕೆಲಸ ಎಲ್ಲರಿಗೂ ಒಂದೇ ಇರಲಿ. ಮನೆಯಲ್ಲಿ ಲಂಬಾಣಿ, ಉರ್ದು ಆಡುವ ಮಕ್ಕಳು ಮೊದಲು ಜೊತೆಯವರಿಗೆ ತಮ್ಮ ಮಾತಿನಲ್ಲೇ ಹೇಳಲಿ. ಬೇಗ ಮುಗಿಸಿದವರಿಗೆ ಈ ಲೆಕ್ಕ ಕೊಡಿ: ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಎಂದರೆ 1 ಲೀಟರ್ ನೀರು. 20 ಚದರ ಮೀಟರ್ ಅಂಗಳಕ್ಕೆ 30 ಮಿ.ಮೀ. ಬಿದ್ದರೆ ಎಷ್ಟು? 600 ಲೀಟರ್ ಎಂದು ಕಂಡಾಗ ಅವರ ಮುಖ ನೋಡಿ.

ಮೌಲ್ಯಮಾಪನ. ‘ಮಳೆಮಾಪಕ ಎಂದರೇನು?’, ‘ಮಳೆಯ ಪ್ರಯೋಜನಗಳೇನು?’ ಈ ಎರಡಕ್ಕೂ ಮಾಪಕವನ್ನು ಮುಟ್ಟದ ಮಗುವೂ ಉತ್ತರ ಕೊಡಬಹುದು, ಅಲ್ವಾ? ಗುಂಪುಗಳ ನಡುವೆ ಓಡಾಡುವಾಗ ಹಾಜರಿ ಪಟ್ಟಿ ಕೈಯಲ್ಲಿರಲಿ. ಅಳತೆ ಸರಿಯಾಗಿ ಓದಿದವರಿಗೆ ಗುರುತು ಹಾಕಿ. ಕೊನೆಯ ಐದು ನಿಮಿಷ ಅರ್ಧ ಹಾಳೆಯಲ್ಲಿ ಒಂದೇ ಪ್ರಶ್ನೆ: ‘ನಿಮ್ಮ ಗೆಳೆಯ ಅಗಲದ ಡಬ್ಬ ಇಟ್ಟು ನಮ್ಮನೇಲಿ ಜಾಸ್ತಿ ಮಳೆ ಬಿತ್ತು ಅನ್ನುತ್ತಾನೆ. ಅವನಿಗೆ ಏನು ಹೇಳುತ್ತೀರಿ?’ ಎಂಟಕ್ಕಿಂತ ಹೆಚ್ಚು ಮಕ್ಕಳು ತಪ್ಪು ಬರೆದರೆ ಮರುದಿನ ಡಬ್ಬಗಳಿಂದಲೇ ಮತ್ತೆ ಶುರು ಮಾಡಿ. ಈ ಮಾತನ್ನೂ ಯೋಜನೆಯಲ್ಲಿ ಬರೆಯಿರಿ.

ಉದ್ದೇಶ ಮತ್ತು ಮೌಲ್ಯಮಾಪನದ ಪುಟಗಳನ್ನು ಮಾತ್ರ ತಿದ್ದಿ ಬುಧವಾರ ತನ್ನಿ, ಮತ್ತೆ ಅಂಕ ಹಾಕುತ್ತೇನೆ. ಗುರುವಾರದ ಪಾಠಕ್ಕೆ ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಎರಡು ಡಬ್ಬ ನಮ್ಮ ಮನೆಯಿಂದ ತರುತ್ತೇನೆ.

ಮಾರ್ಗದರ್ಶಿ ಉಪನ್ಯಾಸಕಿ, ವಿಜ್ಞಾನ ಬೋಧನಾ ವಿಭಾಗ