ಗ್ರಾಫ್ ಮೇಲಿದೆ, ಉತ್ತರ ಮೈನಸ್ ಎರಡು

ಶಿವಮೊಗ್ಗದ ನಮ್ಮ ಹಾಸ್ಟೆಲ್‌ನಲ್ಲಿ ಹತ್ತೂವರೆಗೆ ಲೈಟ್ ಆರಿಸಬೇಕು. ನಾವು ಬಾಗಿಲ ಸಂದಿಗೆ ಟವೆಲ್ ತುರುಕಿ ಓದ್ತೀವಿ, ಅಥವಾ ಓದ್ತೀವಿ ಅಂತ ಹೇಳಿಕೊಂಡು ಜಗಳ ಆಡ್ತೀವಿ. ಮೊನ್ನೆ ಜಗಳ ಆಗಿದ್ದು ಮಾಕ್ ಟೆಸ್ಟಿನ ಒಂದು ಲೆಕ್ಕಕ್ಕೆ. `1/x²` ಅನ್ನು −1ರಿಂದ 1ರವರೆಗೆ ಇಂಟಿಗ್ರೇಟ್ ಮಾಡಬೇಕು. ಆಯ್ಕೆಗಳು 2, −2, 0, ಕೊನೆಯದು 'ಯಾವುದೂ ಅಲ್ಲ'. ನಾನು −2 ಗುರುತು ಮಾಡಿ ಬಂದಿದ್ದೆ. ಅರ್ಧ ನಿಮಿಷದ ಕೆಲಸ, ಖುಷಿಯಾಗಿಯೇ ಇದ್ದೆ. ಗಿರೀಶ ನನ್ನ ರಫ್ ಹಾಳೆ ನೋಡಿ ನಗೋಕೆ ಶುರು ಮಾಡಿದ.

"ಏನೋ ನಗ್ತೀಯ? ಸ್ಟೆಪ್ ನೋಡು. `1/x²`ಗೆ ಇಂಟಿಗ್ರೇಷನ್ `−1/x`. ಮೇಲಿನ ಲಿಮಿಟ್ ಹಾಕಿದರೆ −1, ಕೆಳಗಿನದು ಹಾಕಿದರೆ +1. −1ರಲ್ಲಿ 1 ಕಳೆ. −2. ಎಲ್ಲಿ ತಪ್ಪಿದೆ?"

"ಸ್ಟೆಪ್ ಆಮೇಲೆ. ಇದು ಏನನ್ನು ಅಳೀತಾ ಇದೆ?"

"ಗ್ರಾಫ್ ಕೆಳಗಿನ ಏರಿಯಾ."

"ಏರಿಯಾ ಮೈನಸ್ಸಾ? ನಿಮ್ಮೂರಲ್ಲಿ ಮೈನಸ್ ಎರಡು ಎಕರೆ ತೋಟ ಯಾರಾದ್ರೂ ಇಟ್ಟಿದ್ದಾರಾ?"

"ಲೋ, ಆಕ್ಸಿಸ್ ಕೆಳಗೆ ಇಳಿದ್ರೆ ಮೈನಸ್ ಬರುತ್ತೆ. ಸೈನ್ ಕರ್ವಿಗೆ ಬರಲ್ವಾ?"

"ಇದು ಎಲ್ಲಿ ಇಳಿದಿದೆ ತೋರಿಸು. ಕೆಳಗಿರೋದು ಸ್ಕ್ವೇರ್. ಪ್ಲಸ್ ಹಾಕು, ಮೈನಸ್ ಹಾಕು, ಬರೋದು ಪ್ಲಸ್ಸೇ. ಇನ್ನೂ ಒಂದು ನೋಡು, x ಇರೋದು −1ಕ್ಕೂ 1ಕ್ಕೂ ನಡುವೆ, ಹಾಗಾಗಿ x² ಒಂದಕ್ಕಿಂತ ಜಾಸ್ತಿ ಆಗಲ್ಲ, ಅಂದ್ರೆ `1/x²` ಒಂದಕ್ಕಿಂತ ಕಮ್ಮಿ ಆಗಲ್ಲ. ಅಗಲ ಎರಡು, ಎತ್ತರ ಕನಿಷ್ಠ ಒಂದು. ಏರಿಯಾ ಕನಿಷ್ಠ ಎರಡು ಇರಲೇಬೇಕು. ನೀನು ಬರೆದಿರೋದು −2."

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಬಿಡೋ ಹಾಗಿರಲಿಲ್ಲ, ಯಾಕಂದ್ರೆ ಸ್ಟೆಪ್ಪಿನಲ್ಲಿ ನಿಜವಾಗಿಯೂ ತಪ್ಪು ಕಾಣ್ತಿರಲಿಲ್ಲ. "ಸರಿ, ಚಿಹ್ನೆ ಎಲ್ಲೋ ತಪ್ಪಿದೆ. ಉತ್ತರ 2" ಅಂದೆ.

"ಥೂ, ಮಾರ್ಕ್ಸ್‌ಗೋಸ್ಕರ ಮೈನಸ್ ಅಳಿಸ್ತೀಯಾ? ಪಟ್ಟಿ ಮಾಡಿ ಕೂಡು. ಎರಡು ಪಟ್ಟಿ, ಒಂದೊಂದರ ಅಗಲ 1, ಎತ್ತರ ಪಟ್ಟಿಯ ಮಧ್ಯದಲ್ಲಿ ತಗೋ."

ಮಾಡಿದೆ. ಮಧ್ಯ ಅಂದ್ರೆ ±0.5, ಎತ್ತರ ನಾಲ್ಕು ನಾಲ್ಕು, ಒಟ್ಟು 8. ನಾಲ್ಕು ಪಟ್ಟಿ ಮಾಡಿದರೆ 17.8 ಬಂತು. ಪಟ್ಟಿ ಜಾಸ್ತಿ ಮಾಡಿದಷ್ಟು ಉತ್ತರ ಒಂದು ಕಡೆ ನಿಲ್ಲಬೇಕು ಅಲ್ವಾ, ಅದಕ್ಕೇ ತಾನೇ ಇಷ್ಟು ದಿನ ಕೂಡಿದ್ದು? ಎಂಟು ಪಟ್ಟಿ ಮಾಡಿದೆ. 37.5. ನಿಲ್ಲೋ ಲಕ್ಷಣವೇ ಇಲ್ಲ, ಪ್ರತಿ ಸಲ ಎರಡರಷ್ಟಕ್ಕಿಂತ ಜಾಸ್ತಿ.

"ಸೊನ್ನೆ ಪಕ್ಕದ ಪಟ್ಟಿ ನೋಡು, ಅದೊಂದೇ ಎಲ್ಲಾ ತಿಂತಾ ಇದೆ" ಅಂದ.

"ಸೊನ್ನೆಯಲ್ಲಿ ಫಂಕ್ಷನ್ನೇ ಇಲ್ಲ."

"ಹಾಂ, ಈಗ ಬಂದೆ ದಾರಿಗೆ."

"ಆದ್ರೆ ನಾನು ಸೊನ್ನೆ ಹಾಕಲೇ ಇಲ್ವಲ್ಲೋ! 1 ಹಾಕಿದೆ, −1 ಹಾಕಿದೆ. ಎರಡೂ ಕಡೆ ಸರಿಯಾಗಿದೆ."

"ಅದೇ ಮೋಸ. ಈವನ್ ಫಂಕ್ಷನ್ ಅಲ್ವಾ? ಸೊನ್ನೆಯಿಂದ ಒಂದಕ್ಕೆ ಮಾಡಿ ಎರಡರಿಂದ ಗುಣಿಸಿದ್ರೂ ಅದೇ ಉತ್ತರ ಬರಬೇಕು. ಮಾಡು."

`−1/x`ಗೆ ಸೊನ್ನೆ ಹಾಕೋಕೆ ಹೋಗಿ ಪೆನ್ ನಿಂತಿತು. ಎರಡನೇ ಪಿಯುಸಿ ಪುಸ್ತಕದಲ್ಲಿರೋ ಅದೇ ಪ್ರಾಪರ್ಟಿಯನ್ನು ಪರೀಕ್ಷೆಯಲ್ಲಿ ಬಳಸಿದ್ದರೆ ಅಲ್ಲೇ ಸಿಕ್ಕಿಬೀಳ್ತಿದ್ದೆ. ಸಮಯ ಉಳಿಸೋಕೆ ಅಂತ ನೇರವಾಗಿ ಹೋಗಿದ್ದೆ.

"ಸರಿ, ಸೊನ್ನೆಯಲ್ಲಿ ತೊಂದರೆ ಇದೆ. ಆದ್ರೆ ಲೆಕ್ಕ ಯಾಕೆ ಅಷ್ಟು ನೀಟಾಗಿ −2 ಕೊಟ್ಟಿತು? ಕೊಡಬಾರದಿತ್ತಲ್ವಾ?"

ಗಿರೀಶ ಸ್ವಲ್ಪ ಹೊತ್ತು ಸುಮ್ಮನಿದ್ದ. ಹೊರಗೆ ಮಳೆ. ಆಮೇಲೆ ಅವನ ಅಪ್ಪನ ಹಳೇ ಸ್ಕೂಟರ್ ಕಥೆ ತೆಗೆದ. ಇದು ಅವನ ಅಭ್ಯಾಸ, ಎಲ್ಲದಕ್ಕೂ ಸ್ಕೂಟರ್.

"ಮೀಟರಲ್ಲಿ ಐದು ಅಂಕಿ. ಹೊರಡುವಾಗ 99998 ಇತ್ತು, ಬಂದಾಗ 00003. ಕಳೆದ್ರೆ ಎಷ್ಟು? ಮೈನಸ್ ತೊಂಬತ್ತೊಂಬತ್ತು ಸಾವಿರ ಚಿಲ್ಲರೆ. ಗಾಡಿ ಹಿಂದೆ ಓಡಿತಾ?"

"ಇಲ್ಲ, ಮೀಟರ್ ಒಂದು ಸುತ್ತು ಮುಗಿಸಿತು."

"ನಿನ್ನ `−1/x` ಕೂಡ ಮೀಟರ್. −1ರಲ್ಲಿ ಅದು 1 ತೋರಿಸುತ್ತೆ. ಸೊನ್ನೆ ಕಡೆ ಬಂದ ಹಾಗೆ 10, 100, 1000, ಏರ್ತಾನೇ ಹೋಗುತ್ತೆ. ಸೊನ್ನೆ ದಾಟಿದ ತಕ್ಷಣ ಪಾತಾಳಕ್ಕೆ ಬಿದ್ದಿರುತ್ತೆ, ಅಲ್ಲಿಂದ ಮತ್ತೆ ಏರಿ 1ರ ಹತ್ತಿರ −1 ತೋರಿಸುತ್ತೆ. ಎರಡೂ ಕಡೆ ಏರಿದೆ, ಒಂದು ಸಲವೂ ಇಳಿದಿಲ್ಲ. ನೀನು ಕೊನೆಯ ರೀಡಿಂಗಲ್ಲಿ ಮೊದಲ ರೀಡಿಂಗ್ ಕಳೆದೆ ಅಷ್ಟೇ."

"ಆದ್ರೆ ಸ್ಕೂಟರಿಗೆ ಒಂದು ಲಕ್ಷ ಸೇರಿಸಿದ್ರೆ ಸರಿ ಹೋಗುತ್ತೆ, 5 ಕಿಲೋಮೀಟರ್. ಇಲ್ಲಿ ಎಷ್ಟು ಸೇರಿಸಬೇಕು?"

ಈ ಪ್ರಶ್ನೆ ಅವನಿಗೂ ಇಷ್ಟ ಆಯ್ತು ಅನಿಸುತ್ತೆ, ಎದ್ದು ಕೂತ. ಸೊನ್ನೆಯ ಸುತ್ತ ಚಿಕ್ಕ ಜಾಗ ಬಿಟ್ಟು ಲೆಕ್ಕ ಮಾಡೋಣ ಅಂದ. −1ರಿಂದ `−ε`, ಆಮೇಲೆ `ε`ಯಿಂದ 1. ಬಂದಿದ್ದು ಇದು:

```
(1/ε − 1) + (1/ε − 1) = 2/ε − 2
```

ನಾನು ಅದನ್ನೇ ನೋಡ್ತಾ ಕೂತೆ. ನನ್ನ −2 ಅಲ್ಲೇ ಇದೆ! `ε` 0.1 ಆದ್ರೆ 20 − 2, ಅಂದ್ರೆ 18. 0.01 ಆದ್ರೆ 198. ಆಮೇಲೆ 1998. ನಾನು ಲೆಕ್ಕ ಏನೂ ತಪ್ಪಿರಲಿಲ್ಲ, ಮುಂದಿನ `2/ε` ಅನ್ನೋ ಬೆಟ್ಟವನ್ನೇ ಬಿಟ್ಟು ಹಿಂದಿನ ಚಿಲ್ಲರೆ ಮಾತ್ರ ಎಣಿಸಿದ್ದೆ.

"ನೋಡಿದ್ಯಾ, ನನ್ನ ಉತ್ತರವೂ ಸ್ವಲ್ಪ ಸರಿ" ಅಂದೆ.

"ಯಾವ ಮೇಷ್ಟ್ರಿಗೆ ಹೇಳ್ತೀಯೋ ಹೇಳು. ಈ ಇಂಟಿಗ್ರಲ್ ಡೈವರ್ಜ್ ಆಗುತ್ತೆ, ಯಾವ ಸಂಖ್ಯೆಯೂ ಇಲ್ಲ. 'ಯಾವುದೂ ಅಲ್ಲ' ಹಾಕಬೇಕಿತ್ತು."

"ಹಾಗಾದ್ರೆ ಮಧ್ಯದಲ್ಲಿ ಫಂಕ್ಷನ್ ಆಕಾಶಕ್ಕೆ ಹೋದ್ರೆ ಉತ್ತರ ಇಲ್ಲ ಅಂತ ಬರೆದುಬಿಡೋದು. ಸುಲಭ."

"ಅದೂ ತಪ್ಪು."

"ಇನ್ನೇನೋ!"

"`x^(−2/3)` ತಗೋ. ಇದೂ ಪ್ಲಸ್ಸು, ಇದೂ ಸೊನ್ನೆಯಲ್ಲಿ ಆಕಾಶಕ್ಕೆ ಹೋಗುತ್ತೆ. ನಿನ್ನ ದಡ್ಡ ವಿಧಾನದಲ್ಲೇ ಮಾಡು."

ಇಂಟಿಗ್ರೇಷನ್ `3x^(1/3)`. 1 ಹಾಕಿದರೆ 3, −1 ಹಾಕಿದರೆ −3. ಕಳೆದರೆ 6. "ಇದೂ ಸುಳ್ಳಾ?"

"ನಿಜ. ಕ್ಯೂಬ್ ರೂಟ್ ಸೊನ್ನೆಯಲ್ಲಿ ಎಲ್ಲೂ ಮುರಿಯಲ್ಲ, ನೆಟ್ಟಗೆ ಏರುತ್ತೆ ಅಷ್ಟೇ. ಮೀಟರ್ ಸುತ್ತು ಹೊಡೆದಿಲ್ಲ. ಜಾಗ ಬಿಟ್ಟು ಮಾಡಿದ್ರೂ ಪಟ್ಟಿ 6ಕ್ಕೇ ಬಂದು ನಿಲ್ಲುತ್ತೆ. ಕೊಟ್ಟಿರೋ ಫಂಕ್ಷನ್ ಒಂದನ್ನೇ ನೋಡಿದ್ರೆ ಸಾಲದು, ಲಿಮಿಟ್ ಹಾಕೋದು ಯಾವುದಕ್ಕೆ, ಅದು ಮಧ್ಯದಲ್ಲಿ ಕಂಟಿನ್ಯೂಯಸ್ ಇದೆಯಾ, ಅದನ್ನೂ ನೋಡಬೇಕು."

ಕಾರಿಡಾರಲ್ಲಿ ವಾರ್ಡನ್ ಚಪ್ಪಲಿ ಸದ್ದು. ಲೈಟ್ ಆರಿಸಿದ್ವಿ. ಐದು ನಿಮಿಷ ಕತ್ತಲಲ್ಲಿ ಮಲಗಿದ್ದೆ, ನಿದ್ದೆ ಬರಲಿಲ್ಲ.

"ಗಿರೀಶ, `1/x`ಗೆ? −1ರಿಂದ 1? ಎಡಗಡೆ ಎಷ್ಟು ಮೈನಸ್ ಇದೆಯೋ ಬಲಗಡೆ ಅಷ್ಟೇ ಪ್ಲಸ್. ಕೂಡಿದ್ರೆ ಸೊನ್ನೆ ಅಲ್ವಾ?"

"ಎಷ್ಟೋ ಅಷ್ಟೇ ಅಂದ್ಯಲ್ಲ, ಎಷ್ಟು?"

"...ಗೊತ್ತಿಲ್ಲ."

"ಎಡಗಡೆ `ε` ಬಿಟ್ಟು, ಬಲಗಡೆ `2ε` ಬಿಟ್ಟು ಮಾಡಿ ನೋಡು. ಬೆಳಿಗ್ಗೆ ಮಾಡು, ಮಾರಾಯ. ಈಗ ಮಲಗು."

ಮೊಬೈಲ್ ಬೆಳಕಲ್ಲಿ ಆಗಲೇ ಮಾಡಿದೆ. ಸೊನ್ನೆ ಬರಲಿಲ್ಲ, `−ln 2` ಬಂತು. ಅವನನ್ನು ಎಬ್ಬಿಸಿದೆ.